ಆರು ಸಾವಿರ ರೂಪಾಯಿ ಯಾರ ಪಾಲು?

ವರ್ಷಕ್ಕೊಮ್ಮೆ, ಒಂದು ನಿಗದಿತ ದಿನ, ನಮ್ಮ ಮನೆಯಲ್ಲಿ ಲೆಕ್ಕ ನಡೆಯುತ್ತದೆ. ಅಂದು ಅಬ್ಬಾ ಅಂಗಡಿಯ ಖಾತೆ ಪುಸ್ತಕವನ್ನು ಮನೆಗೆ ತರುತ್ತಾರೆ. ಅಮ್ಮಿ ಅಡುಗೆಮನೆಯ ಡಬ್ಬಗಳಲ್ಲಿ ಉಳಿದಿರುವ ಅಕ್ಕಿ, ಬೇಳೆ, ಎಣ್ಣೆಯನ್ನು ಅಳೆದು ಹೇಳುತ್ತಾರೆ. ನಾನು ಕಾಮರ್ಸ್ ಸೇರಿದ ಮೇಲೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ವರ್ಷದ ಆದಾಯದಲ್ಲಿ ಮನೆಯ ಎಲ್ಲ ಖರ್ಚು ಕಳೆದು ಎಷ್ಟು ಉಳಿಯಿತು ಎಂದು ನೋಡುತ್ತೇವೆ. ಹಾಗೆ ಉಳಿದದ್ದರಲ್ಲಿ ಐದನೇ ಒಂದು ಭಾಗ ನಮ್ಮದಲ್ಲ. ಅದಕ್ಕೆ ಖುಮ್ಸ್ ಎನ್ನುತ್ತಾರೆ. ಅರಬಿಯಲ್ಲಿ ಆ ಪದದ ಅರ್ಥವೇ ಐದನೇ ಒಂದು.

ಈ ವರ್ಷ ತರಗತಿಯಲ್ಲಿ ನನ್ನ ಪಕ್ಕ ಕೂರುವ ಗೆಳತಿಗೆ ಈ ಲೆಕ್ಕದ ವಿಷಯ ಹೇಳಿದೆ. ಅವಳು ಸುನ್ನಿ ಮನೆಯವಳು. ಝಕಾತಿನ ಲೆಕ್ಕ ಅವಳಿಗೆ ಚೆನ್ನಾಗಿ ಗೊತ್ತು. ಝಕಾತ್ ನಮ್ಮಲ್ಲೂ ಇದೆ, ಆದರೆ ಇದು ಬೇರೆ ಎಂದಾಗ, "ಹಾಗಾದರೆ ಆ ದುಡ್ಡು ಯಾರಿಗೆ?" ಎಂದು ಕೇಳಿದಳು. "ಅರ್ಧ ಇಮಾಮರ ಪಾಲು," ಎಂದೆ.

"ಯಾವ ಮಸೀದಿ ಇಮಾಮರು?"

ನನಗೆ ನಗು ಬಂತು. ಆದರೆ ಉತ್ತರ ಹೇಳಲು ಹೊರಟಾಗ ಅದು ಅಷ್ಟು ಸುಲಭವಲ್ಲ ಎಂದು ಗೊತ್ತಾಯಿತು. ಆ ಪಾಲು ಯಾರ ಹೆಸರಿನಲ್ಲಿದೆಯೋ ಅವರನ್ನು ಹನ್ನೊಂದು ಶತಮಾನಗಳಿಂದ ಯಾರೂ ಸಾರ್ವಜನಿಕವಾಗಿ ಕಂಡಿಲ್ಲ. ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ, ಕೊಡಬೇಕಾದ ಹಣ ಪುಸ್ತಕದಲ್ಲಿದೆ, ಪಡೆಯಬೇಕಾದವರು ಕಣ್ಣೆದುರು ಇಲ್ಲ. ಹಾಗಾದರೆ ಆ ಹಣವನ್ನು ಏನು ಮಾಡಬೇಕು? ಈ ಪ್ರಶ್ನೆಯ ಹಿಂದೆ ಹೋದರೆ ಶಿಯಾ ನಂಬಿಕೆಯ ಇಮಾಮತ್ ಎಂಬ ತತ್ವ ಪೂರ್ತಿಯಾಗಿ ಸಿಗುತ್ತದೆ. ಅವಳಿಗೆ ಅಂದು ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಸರಿಯಾಗಿ ಹೇಳಲು ಪ್ರಯತ್ನಿಸಿದ್ದೇನೆ.

ಮೊದಲು ಲೆಕ್ಕ

ಉದಾಹರಣೆಗೆ ಒಂದು ಕುಟುಂಬಕ್ಕೆ ವರ್ಷದಲ್ಲಿ 5,40,000 ರೂಪಾಯಿ ಆದಾಯ ಬಂತು ಎನ್ನೋಣ. ಬಾಡಿಗೆ, ಊಟ, ಶಾಲೆ ಕಾಲೇಜಿನ ಶುಲ್ಕ, ಔಷಧಿ, ಮದುವೆ ಮುಂಜಿಯ ಉಡುಗೊರೆ ಎಲ್ಲ ಸೇರಿ 4,80,000 ಖರ್ಚಾಯಿತು. ಉಳಿದದ್ದು 60,000. ಇದು ಪೂರ್ತಿ ನಗದಾಗಿ ಇರುವುದಿಲ್ಲ. ಬ್ಯಾಂಕಿನಲ್ಲಿ 40,000 ಇರಬಹುದು, ಅಂಗಡಿಯಲ್ಲಿ ಹೆಚ್ಚಿದ ಸರಕು 18,500 ಬಾಳಬಹುದು, ಅಡುಗೆಮನೆಯಲ್ಲಿ ಬಳಸದೆ ಉಳಿದ ದಿನಸಿ 1,500 ಆಗಬಹುದು. ಅಮ್ಮಿ ಅಕ್ಕಿ ಅಳೆಯುವುದು ಇದಕ್ಕೇ. 60,000ದ ಐದನೇ ಒಂದು ಭಾಗ 12,000. ಇದು ಖುಮ್ಸ್.

ಇದಕ್ಕೆ ಆಧಾರ ಕುರ್‌ಆನಿನ ಎಂಟನೇ ಅಧ್ಯಾಯವಾದ ಅಲ್ ಅನ್ಫಾಲ್‌ನ 41ನೇ ವಚನ. ಅಲ್ಲಿ ಬರುವ ಪದವನ್ನು ಸುನ್ನಿ ವಿದ್ವಾಂಸರು ಯುದ್ಧದಲ್ಲಿ ಸಿಕ್ಕ ಸಂಪತ್ತು ಎಂದು ಅರ್ಥಮಾಡಿಕೊಳ್ಳುತ್ತಾರೆ. ಶಿಯಾ ವಿದ್ವಾಂಸರು ಅದನ್ನು ಯಾವುದೇ ಗಳಿಕೆ ಎಂಬ ಅರ್ಥದಲ್ಲಿ ತೆಗೆದುಕೊಳ್ಳುತ್ತಾರೆ. ಅದಕ್ಕೇ ನನ್ನ ಗೆಳತಿಯ ಮನೆಯಲ್ಲಿ ಈ ಲೆಕ್ಕ ಇಲ್ಲ, ನಮ್ಮಲ್ಲಿ ಇದೆ. ಆ ವಚನದಲ್ಲಿ ಆರು ಹಕ್ಕುದಾರರ ಹೆಸರಿದೆ: ಅಲ್ಲಾಹ್, ಪ್ರವಾದಿ(ಸ), ಅವರ ಬಂಧುಗಳು, ಅನಾಥರು, ಬಡವರು, ದಾರಿಹೋಕರು. ಶಿಯಾ ಕಾನೂನಿನ ಪ್ರಕಾರ ಮೊದಲ ಮೂರು ಪಾಲು ಪ್ರವಾದಿಯವರ ನಂತರ ಇಮಾಮರಿಗೆ ಸೇರುತ್ತದೆ. ಉಳಿದ ಮೂರು, ಪ್ರವಾದಿ ವಂಶದ ಸೈಯದರಲ್ಲಿ ಕಷ್ಟದಲ್ಲಿರುವವರಿಗೆ ಸೇರುತ್ತದೆ. ಹೀಗೆ 12,000 ಎರಡು ಭಾಗವಾಗುತ್ತದೆ. 6,000 ಸಹ್ಮೆ ಸಾದಾತ್, 6,000 ಸಹ್ಮೆ ಇಮಾಮ್. ಮೊದಲನೆಯದಕ್ಕೆ ಪಡೆಯುವವರು ಎದುರಿಗೇ ಇದ್ದಾರೆ. ಪ್ರಶ್ನೆ ಇರುವುದು ಎರಡನೆಯ ಆರು ಸಾವಿರದ ಬಗ್ಗೆ.

ಇಮಾಮ್ ಎಂದರೆ ಯಾರು?

ನಮಾಝಿನಲ್ಲಿ ಮುಂದೆ ನಿಲ್ಲುವವರು ಇಮಾಮ್. ದೊಡ್ಡ ವಿದ್ವಾಂಸರನ್ನೂ ಗೌರವದಿಂದ ಇಮಾಮ್ ಎನ್ನುತ್ತೇವೆ. ಇಮಾಮ್ ಅಬೂ ಹನೀಫಾ, ಇಮಾಮ್ ಶಾಫಿಈ ಎಂಬ ಹೆಸರುಗಳನ್ನು ನೀವೆಲ್ಲ ಕೇಳಿದ್ದೀರಿ. ಶಿಯಾ ನಂಬಿಕೆಯಲ್ಲಿ ಈ ಪದಕ್ಕೆ ಇದಲ್ಲದೆ ಇನ್ನೊಂದು, ಬಹಳ ಸೀಮಿತವಾದ ಅರ್ಥವಿದೆ. ಪ್ರವಾದಿ ಮುಹಮ್ಮದ್(ಸ) ಅವರ ನಂತರ ಧರ್ಮವನ್ನು ಕಾಪಾಡಲು, ಅದರ ಸರಿಯಾದ ಅರ್ಥ ಹೇಳಲು, ಸಮುದಾಯವನ್ನು ನಡೆಸಲು ಅಲ್ಲಾಹನಿಂದ ನೇಮಕವಾದ ವ್ಯಕ್ತಿಯೇ ಇಮಾಮ್. ಅಂಥವರು ಹನ್ನೆರಡು ಮಂದಿ. ಮೊದಲನೆಯವರು ಹಝ್ರತ್ ಅಲಿ. ನಂತರ ಅವರ ಮಕ್ಕಳಾದ ಹಸನ್ ಮತ್ತು ಹುಸೈನ್. ಆಮೇಲೆ ಹುಸೈನರ ವಂಶದ ಒಂಬತ್ತು ಮಂದಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ತೆಗೆದುಬಿಡುತ್ತೇನೆ, ಏಕೆಂದರೆ ಕ್ಯಾಂಟೀನಿನಲ್ಲಿ ನನ್ನನ್ನು ಇದನ್ನು ಕೇಳಿದವರಿದ್ದಾರೆ. ನಾವು ಇಮಾಮರನ್ನು ಪ್ರವಾದಿ ಎನ್ನುವುದಿಲ್ಲ. ಮುಹಮ್ಮದ್(ಸ) ಅಂತಿಮ ಪ್ರವಾದಿ. ಇಮಾಮರಿಗೆ ಹೊಸ ಗ್ರಂಥ ಬರುವುದಿಲ್ಲ, ಅವರು ಹೊಸ ಶರೀಅತ್ ತರುವುದಿಲ್ಲ. ಇರುವುದನ್ನು ಕಾಯುವುದು ಅವರ ಕೆಲಸ.

ನಸ್ಸ್: ಆಯ್ಕೆ ಅಲ್ಲ, ನೇಮಕ

ಬ್ಯಾಂಕಿನಲ್ಲಿ ಖಾತೆ ತೆರೆಯುವಾಗ ನಾಮಿನಿಯ ಹೆಸರು ಬರೆಸುತ್ತೇವೆ. ನಂತರ ಮನೆಯವರು ಕೂತು ಮತ ಹಾಕಿ ಅದನ್ನು ಬದಲಾಯಿಸಲು ಆಗುವುದಿಲ್ಲ. ಇಮಾಮತ್‌ನಲ್ಲೂ ಹೆಸರು ಮೊದಲೇ ಹೇಳಿರಬೇಕು. ಇದಕ್ಕೆ ನಸ್ಸ್ ಎನ್ನುತ್ತಾರೆ. ಆದರೆ ನಾಮಿನಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಬ್ಯಾಂಕಿನಲ್ಲಿ ಖಾತೆದಾರರು ತಮಗೆ ಬೇಕಾದವರ ಹೆಸರು ಬರೆಸಬಹುದು. ಇಲ್ಲಿ ಆರಿಸುವವನು ಅಲ್ಲಾಹ್. ಪ್ರವಾದಿಯವರಾಗಲಿ ಹಿಂದಿನ ಇಮಾಮರಾಗಲಿ ಆ ಹೆಸರನ್ನು ಪ್ರಕಟಿಸುತ್ತಾರೆ, ಅಷ್ಟೇ.

ಮೊದಲ ನೇಮಕ ನಡೆದದ್ದು ಗದೀರ್ ಖುಮ್ ಎಂಬಲ್ಲಿ ಎಂದು ಶಿಯಾಗಳು ನಂಬುತ್ತಾರೆ. ಅದು ಮಕ್ಕಾ ಮತ್ತು ಮದೀನಾ ನಡುವಿನ ಒಂದು ಕೊಳದ ಜಾಗ. ಕ್ರಿ.ಶ. 632ರ ಮಾರ್ಚಿನಲ್ಲಿ, ಕೊನೆಯ ಹಜ್ ಮುಗಿಸಿ ಮರಳುವಾಗ, ಪ್ರವಾದಿಯವರು ಅಲ್ಲಿ ಜನರನ್ನು ನಿಲ್ಲಿಸಿ, ತಾನು ಯಾರಿಗೆ ಮೌಲಾ ಆಗಿದ್ದೇನೋ ಅಲಿಯೂ ಅವರಿಗೆ ಮೌಲಾ ಎಂಬ ಅರ್ಥದ ಮಾತು ಹೇಳಿದರು. ಈ ವರದಿ ಸುನ್ನಿ ಹದೀಸ್ ಸಂಗ್ರಹಗಳಲ್ಲೂ ಇದೆ. ಅಂದರೆ ಜಗಳ ಇರುವುದು ಆ ಮಾತು ನಡೆಯಿತೋ ಇಲ್ಲವೋ ಎಂಬುದರ ಬಗ್ಗೆ ಅಲ್ಲ, ಮೌಲಾ ಎಂಬ ಒಂದು ಪದದ ಬಗ್ಗೆ. ಅರಬಿಯಲ್ಲಿ ಅದಕ್ಕೆ ಒಡೆಯ, ಪಾಲಕ ಎಂಬ ಅರ್ಥವೂ ಇದೆ, ಪ್ರೀತಿಪಾತ್ರ, ಬೆಂಬಲಿಗ ಎಂಬ ಅರ್ಥವೂ ಇದೆ. ಶಿಯಾಗಳು ಮೊದಲನೆಯದನ್ನು ಹಿಡಿದು ಇದು ನೇಮಕ ಎನ್ನುತ್ತಾರೆ. ಸುನ್ನಿಗಳು ಎರಡನೆಯದನ್ನು ಹಿಡಿದು ಇದು ಅಲಿಯವರ ಮೇಲಿನ ಪ್ರೀತಿಯ ಆದೇಶ ಎನ್ನುತ್ತಾರೆ. ಅದೇ ವರ್ಷ ಪ್ರವಾದಿಯವರು ತೀರಿಕೊಂಡಾಗ ಮದೀನಾದಲ್ಲಿ ಸೇರಿದವರು ಹಝ್ರತ್ ಅಬೂಬಕರ್ ಅವರನ್ನು ಖಲೀಫರನ್ನಾಗಿ ಒಪ್ಪಿಕೊಂಡರು. ಅಲಿಯವರು ಖಲೀಫರಾದದ್ದು ನಾಲ್ಕನೆಯವರಾಗಿ, 656ರಲ್ಲಿ. ಶಿಯಾ ನಂಬಿಕೆಯಲ್ಲಿ ಇದು ಇಮಾಮತ್‌ಗೆ ಅಡ್ಡಿ ಅಲ್ಲ. ಅಧಿಕಾರದಲ್ಲಿ ಕೂತರೂ ಕೂರದಿದ್ದರೂ ನೇಮಕ ನೇಮಕವೇ.

ನಸ್ಸ್ ಅಂದರೆ ವಂಶದ ಆಸ್ತಿಯೂ ಅಲ್ಲ. ಹಸನರ ನಂತರ ಇಮಾಮತ್ ಅವರ ಮಗನಿಗೆ ಹೋಗಲಿಲ್ಲ, ತಮ್ಮ ಹುಸೈನರಿಗೆ ಬಂತು. ಆರನೇ ಇಮಾಮ್ ಜಾಫರ್ ಸಾದಿಕ್ 765ರಲ್ಲಿ ತೀರಿಕೊಂಡಾಗ ಹಿರಿಯ ಮಗ ಇಸ್ಮಾಯೀಲರ ಕಡೆಗೆ ಒಂದು ಗುಂಪು, ಮೂಸಾ ಕಾಝಿಮರ ಕಡೆಗೆ ಇನ್ನೊಂದು ಗುಂಪು ಹೋಯಿತು. ಇಸ್ಮಾಯೀಲರನ್ನು ಒಪ್ಪಿದವರಿಂದ ಇಂದಿನ ಬೋಹರಾಗಳು ಮತ್ತು ಆಗಾಖಾನರ ಅನುಯಾಯಿಗಳು ಬಂದರು. ಮೂಸಾ ಕಾಝಿಮರನ್ನು ಒಪ್ಪಿದವರು ನಾವು, ಹನ್ನೆರಡು ಇಮಾಮರ ಶಿಯಾಗಳು. ಹಾಗಾಗಿ ಮುಂದೆ ಬರೆಯುವುದು ಎಲ್ಲ ಶಿಯಾಗಳಿಗೂ ಅನ್ವಯಿಸುವುದಿಲ್ಲ.

ಇಸ್ಮತ್: ತಪ್ಪದ ದಾರಿ

ನಮ್ಮ ಮನೆಗಳಲ್ಲಿ ತೊಟ್ಟಿಲ ಮಗುವನ್ನು ನೋಡಿ "ಮಾಸೂಮ್ ಹೈ" ಎನ್ನುತ್ತೇವೆ. ಪಾಪ, ಏನೂ ಅರಿಯದ್ದು ಎಂಬ ಅರ್ಥದಲ್ಲಿ. ಅದೇ ಪದ ಇಮಾಮರ ಬಗ್ಗೆ ಹೇಳುವಾಗ ಅರ್ಥ ಹೆಚ್ಚುಕಡಿಮೆ ತಿರುಗಿಬಿಡುತ್ತದೆ. ಮಗು ತಪ್ಪು ಮಾಡದಿರುವುದು ಅದಕ್ಕೆ ತಿಳಿಯದ ಕಾರಣ. ಇಮಾಮರು ತಪ್ಪು ಮಾಡದಿರುವುದು ಅವರಿಗೆ ಪೂರ್ತಿ ತಿಳಿದಿರುವ ಕಾರಣ. ಪಾಪ ಮಾಡುವ ಶಕ್ತಿ ಅವರಲ್ಲಿ ಇಲ್ಲ ಎಂದಲ್ಲ. ಶಕ್ತಿ ಇದ್ದೂ, ಅಲ್ಲಾಹನ ಕೃಪೆಯಿಂದ ಅದರ ಕಡೆ ಹೋಗುವುದಿಲ್ಲ. ವಿಷ ಎಂದು ಖಚಿತವಾಗಿ ಗೊತ್ತಿರುವ ಲೋಟವನ್ನು ಯಾರೂ ಎತ್ತಿ ಕುಡಿಯುವುದಿಲ್ಲವಲ್ಲ, ಹಾಗೆ. ಪ್ರವಾದಿಯವರು, ಅವರ ಮಗಳು ಹಝ್ರತ್ ಫಾತಿಮಾ ಮತ್ತು ಹನ್ನೆರಡು ಇಮಾಮರು, ಒಟ್ಟು ಹದಿನಾಲ್ಕು ಮಂದಿಯನ್ನು ನಾವು ಮಾಸೂಮ್ ಎನ್ನುತ್ತೇವೆ.

ಇದು ಏಕೆ ಬೇಕು? ಹಿಂದಿನ ವಿದ್ವಾಂಸರ ವಾದವನ್ನು ಲೆಕ್ಕ ಪರಿಶೋಧನೆಯ ಉದಾಹರಣೆಯಿಂದ ಹೀಗೆ ಹೇಳಬಹುದು. ಜನರು ತಪ್ಪುತ್ತಾರೆ, ಆದ್ದರಿಂದ ಅವರನ್ನು ತಿದ್ದಲು ಒಬ್ಬರು ಬೇಕು. ತಿದ್ದುವವರೂ ತಪ್ಪುವವರಾದರೆ ಅವರನ್ನು ತಿದ್ದಲು ಇನ್ನೊಬ್ಬರು ಬೇಕು. ಆಡಿಟರ್ ಮೇಲೆ ಆಡಿಟರ್, ಅವರ ಮೇಲೆ ಮತ್ತೊಬ್ಬ ಆಡಿಟರ್ ಎಂದು ಸಾಲು ಮುಗಿಯುವುದೇ ಇಲ್ಲ. ಸಾಲು ಎಲ್ಲೋ ಒಂದು ಕಡೆ ನಿಲ್ಲಬೇಕಾದರೆ ಅಲ್ಲಿ ತಪ್ಪದವರೊಬ್ಬರು ಇರಬೇಕು. ನೇಮಕದ ಮಾತು ಇದಕ್ಕೇ ಹೆಣೆದುಕೊಂಡಿದೆ. ಯಾರ ಮನಸ್ಸಿನಲ್ಲಿ ಪಾಪ ಇಲ್ಲ ಎಂದು ಮನುಷ್ಯರಿಗೆ ಹೇಗೆ ಗೊತ್ತಾಗಬೇಕು? ಗೊತ್ತಿರುವವನೇ ಹೆಸರು ಹೇಳಬೇಕು. ಅಂದರೆ ಇಸ್ಮತ್ ಇದ್ದರೆ ನಸ್ಸ್ ಇರಲೇಬೇಕು.

ಸುನ್ನಿ ವಿದ್ವಾಂಸರ ಉತ್ತರವನ್ನೂ ಹೇಳಬೇಕು. ಧರ್ಮವನ್ನು ಕಾಯಲು ಕುರ್‌ಆನ್, ಸುನ್ನತ್ ಮತ್ತು ಸಮುದಾಯದ ಒಮ್ಮತ ಸಾಕು, ಪ್ರವಾದಿಯವರ ನಂತರ ಯಾವ ಒಬ್ಬ ವ್ಯಕ್ತಿಯೂ ತಪ್ಪದವನಲ್ಲ ಎನ್ನುತ್ತಾರೆ ಅವರು. ಇಸ್ಮತ್ ಎಷ್ಟು ದೂರ ಹೋಗುತ್ತದೆ ಎಂಬ ಬಗ್ಗೆ ಶಿಯಾಗಳಲ್ಲೂ ಚರ್ಚೆ ನಡೆದಿದೆ. ಹತ್ತನೇ ಶತಮಾನದ ಶೇಖ್ ಸದೂಕ್, ಅಲ್ಲಾಹನೇ ಇಚ್ಛಿಸಿದರೆ ಪ್ರವಾದಿಯವರಿಗೂ ನಮಾಝಿನಲ್ಲಿ ಮರೆವು ಬರಬಹುದು ಎಂದು ಬರೆದರು. ಅವರ ಶಿಷ್ಯರಾದ ಶೇಖ್ ಮುಫೀದ್ ಅದನ್ನು ಒಪ್ಪಲಿಲ್ಲ. ಮುಂದೆ ಉಳಿದದ್ದು ಶಿಷ್ಯರ ಅಭಿಪ್ರಾಯ.

ತುಪ್ಪದ ವ್ಯಾಪಾರಿ

ಈಗ ನಮ್ಮ ಆರು ಸಾವಿರಕ್ಕೆ ಮರಳೋಣ. ಇಮಾಮರು ಎದುರಿಗಿದ್ದ ಕಾಲದಲ್ಲಿ ಅವರ ಪಾಲು ಅವರಿಗೆ ತಲುಪುತ್ತಿದ್ದದ್ದು ಹೇಗೆ? ವಕೀಲರ ಮೂಲಕ. ಕನ್ನಡದಲ್ಲಿ ವಕೀಲರು ಎಂದರೆ ಕೋರ್ಟಿನ ಕರಿ ಕೋಟು ನೆನಪಾಗುತ್ತದೆ. ಮೂಲ ಅರಬಿ ಪದದ ಅರ್ಥ ಮತ್ತೊಬ್ಬರ ಪರವಾಗಿ ಕೆಲಸ ಮಾಡುವವರು, ಅಂದರೆ ಏಜೆಂಟ್. ಇರಾಕ್, ಇರಾನ್‌ನ ಊರುಗಳಲ್ಲಿ ಇಮಾಮರ ವಕೀಲರು ಖುಮ್ಸ್ ಸಂಗ್ರಹಿಸಿ ಕಳುಹಿಸುತ್ತಿದ್ದರು. ಪ್ರಶ್ನೆಗಳನ್ನು ತಲುಪಿಸಿ ಉತ್ತರ ತರುತ್ತಿದ್ದರು.

ಹತ್ತನೇ ಮತ್ತು ಹನ್ನೊಂದನೇ ಇಮಾಮರ ಕಾಲಕ್ಕೆ ಇದು ಅಪಾಯದ ಕೆಲಸವಾಗಿತ್ತು. ಅಬ್ಬಾಸಿ ಖಲೀಫರು ಅವರನ್ನು ಮದೀನಾದಿಂದ ಕರೆಸಿ ಇರಾಕಿನ ಸಾಮರ್ರಾ ಎಂಬ ಸೈನ್ಯದ ನಗರದಲ್ಲಿ ಕಣ್ಗಾವಲಿನಲ್ಲಿ ಇಟ್ಟಿದ್ದರು. ಹನ್ನೊಂದನೇ ಇಮಾಮ್ ಹಸನ್ ಅಸ್ಕರಿಯವರ ಹೆಸರಿನಲ್ಲೇ ಅದು ಉಳಿದಿದೆ, ಅಸ್ಕರ್ ಎಂದರೆ ಸೈನ್ಯ. ಅವರ ನಂಬಿಕಸ್ಥ ವಕೀಲರು ಉಸ್ಮಾನ್ ಬಿನ್ ಸಈದ್. ಅವರಿಗೆ ಸಮ್ಮಾನ್ ಎಂಬ ಅಡ್ಡಹೆಸರು ಇತ್ತು, ಅಂದರೆ ತುಪ್ಪದ ವ್ಯಾಪಾರಿ. ಜನರು ಕೊಟ್ಟ ಹಣವನ್ನು ತುಪ್ಪದ ಪಾತ್ರೆಗಳಲ್ಲಿ ಅಡಗಿಸಿ ಇಮಾಮರ ಮನೆಗೆ ಸಾಗಿಸುತ್ತಿದ್ದರು ಎಂದು ಶೇಖ್ ತೂಸಿ ತಮ್ಮ ಗ್ರಂಥದಲ್ಲಿ ಬರೆದಿದ್ದಾರೆ. ಆ ಗ್ರಂಥದ ಹೆಸರು ಕಿತಾಬುಲ್ ಗೈಬಾ.

874ರ ಜನವರಿಯಲ್ಲಿ ಹಸನ್ ಅಸ್ಕರಿ ತೀರಿಕೊಂಡರು. ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ಜನರ ಕಣ್ಣಿಗೆ ಬಿದ್ದ ಮಗ ಇರಲಿಲ್ಲ. ತಮ್ಮ ಜಾಫರ್, ಆಸ್ತಿಯೂ ತನ್ನದು ಇಮಾಮತ್ತೂ ತನ್ನದು ಎಂದು ಮುಂದೆ ಬಂದರು. ಸಮುದಾಯ ಒಡೆದುಹೋಯಿತು. ಆ ಕಾಲಕ್ಕೆ ಹತ್ತಿರದಲ್ಲೇ ಬದುಕಿದ್ದ ನೌಬಖ್ತಿ ಎಂಬ ಶಿಯಾ ಲೇಖಕರು ಅಂದು ಹುಟ್ಟಿದ ಗುಂಪುಗಳನ್ನು ಎಣಿಸಿ ಹದಿನಾಲ್ಕು ಎಂದು ಬರೆದಿದ್ದಾರೆ. ಇಮಾಮತ್ ಅಲ್ಲಿಗೇ ಮುಗಿಯಿತು ಎಂದವರಿದ್ದರು, ಜಾಫರ್ ಸರಿ ಎಂದವರಿದ್ದರು. ಕೊನೆಗೆ ಉಳಿದು ಬೆಳೆದ ಗುಂಪು ಹೇಳಿದ್ದು ಇದು: ಇಮಾಮರಿಗೆ ಒಬ್ಬ ಮಗ ಇದ್ದಾರೆ. ಅವರು 869ರ ಸುಮಾರಿಗೆ ಹುಟ್ಟಿದರು. ಕೊಲ್ಲುವವರ ಭಯದಿಂದ ಹುಟ್ಟನ್ನು ಗುಟ್ಟಾಗಿ ಇಡಲಾಗಿತ್ತು, ನಂಬಿಕಸ್ಥರಿಗೆ ಮಾತ್ರ ತೋರಿಸಲಾಗಿತ್ತು. ಅವರೇ ಹನ್ನೆರಡನೇ ಇಮಾಮ್, ಮಹ್ದಿ.

ಹೀಗೆ ಮರೆಯಲ್ಲಿರುವುದಕ್ಕೆ ಗೈಬತ್ ಎನ್ನುತ್ತಾರೆ. ನಾವು ದಿನಾ ಆಡುವ "ಗಾಯಬ್" ಎಂಬ ಪದವೂ ಇದೇ ಮೂಲದ್ದು, ಆದರೆ ಇಲ್ಲಿ ಮಾಯವಾದರು ಎಂಬ ಅರ್ಥ ಅಲ್ಲ. ಇಮಾಮರು ಇದೇ ಭೂಮಿಯಲ್ಲಿ ಜೀವಂತವಾಗಿದ್ದಾರೆ, ಜನರ ನಡುವೆಯೇ ಇರಬಹುದು, ಆದರೆ ಇವರೇ ಅವರು ಎಂದು ಯಾರೂ ಗುರುತಿಸುವುದಿಲ್ಲ ಎಂಬುದು ನಂಬಿಕೆ. ಇಷ್ಟು ದೀರ್ಘ ಆಯುಷ್ಯ ಸಾಧ್ಯವೇ ಎಂದು ಕೇಳಿದರೆ ನಮ್ಮ ವಿದ್ವಾಂಸರು ಹಝ್ರತ್ ನೂಹರ ಉದಾಹರಣೆ ಕೊಡುತ್ತಾರೆ.

ಮುಂದಿನ ಸುಮಾರು 67 ವರ್ಷ, ಅಂದರೆ 941ರವರೆಗೆ, ಇಮಾಮರ ಜೊತೆ ಒಂದು ಸಂಪರ್ಕ ಉಳಿದಿತ್ತು. ಬಗ್ದಾದಿನಲ್ಲಿ ಒಬ್ಬರ ನಂತರ ಒಬ್ಬರಂತೆ ನಾಲ್ವರು ವಿಶೇಷ ಪ್ರತಿನಿಧಿಗಳಾದರು. ಮೊದಲನೆಯವರು ಅದೇ ತುಪ್ಪದ ವ್ಯಾಪಾರಿ ಉಸ್ಮಾನ್. ನಂತರ ಅವರ ಮಗ ಮುಹಮ್ಮದ್, ಆಮೇಲೆ ಹುಸೈನ್ ಬಿನ್ ರೂಹ್, ಕೊನೆಗೆ ಅಲಿ ಬಿನ್ ಮುಹಮ್ಮದ್ ಸಮುರಿ. ಹಣ ಇವರ ಕೈಗೆ ಬರುತ್ತಿತ್ತು, ಇಮಾಮರ ಉತ್ತರದ ಪತ್ರಗಳು ಇವರ ಕೈಯಿಂದ ಹೊರಡುತ್ತಿದ್ದವು. ಈ ಕಾಲವನ್ನು ಚಿಕ್ಕ ಗೈಬತ್ ಎನ್ನುತ್ತಾರೆ.

ಏಜೆಂಟರೇ ಮೋಸ ಮಾಡಿದರೆ?

ಇಲ್ಲಿ ಯಾವ ಕಾಮರ್ಸ್ ವಿದ್ಯಾರ್ಥಿಯೂ ಕೇಳುವ ಪ್ರಶ್ನೆ ಒಂದಿದೆ. ಯಜಮಾನರು ಕಣ್ಣಿಗೆ ಕಾಣುವುದಿಲ್ಲ, ಹಣ ಏಜೆಂಟರ ಕೈಯಲ್ಲಿದೆ. "ಯಜಮಾನರು ಮರೆಯಲ್ಲಿದ್ದಾರೆ" ಎಂದು ಏಜೆಂಟರೇ ಕಥೆ ಕಟ್ಟಿದರೆ?

ಇದು ಬರೀ ಊಹೆಯಲ್ಲ. ಇಂಥದೊಂದು ಪ್ರಕರಣವನ್ನು ನಮ್ಮದೇ ಗ್ರಂಥಗಳು ದಾಖಲಿಸಿವೆ. ಏಳನೇ ಇಮಾಮ್ ಮೂಸಾ ಕಾಝಿಮ್ 799ರಲ್ಲಿ ಬಗ್ದಾದಿನ ಸೆರೆಮನೆಯಲ್ಲಿ ತೀರಿಕೊಂಡರು. ಆಗ ಅವರ ವಕೀಲರ ಬಳಿ ದೊಡ್ಡ ಮೊತ್ತ ಉಳಿದಿತ್ತು. ಝಿಯಾದ್ ಕಂದಿ ಎಂಬುವರ ಬಳಿ 70,000 ದೀನಾರ್, ಅಲಿ ಬತಾಇನಿ ಎಂಬುವರ ಬಳಿ 30,000 ದೀನಾರ್ ಇತ್ತು ಎಂದು ವರದಿ ಇದೆ. ಮಗ ಅಲಿ ರಝಾ ಎಂಟನೇ ಇಮಾಮರಾದಾಗ ಹಣವನ್ನು ಅವರಿಗೆ ಒಪ್ಪಿಸಬೇಕಿತ್ತು. ವಕೀಲರು ಒಪ್ಪಿಸಲಿಲ್ಲ. ಮೂಸಾ ಕಾಝಿಮ್ ಸತ್ತಿಲ್ಲ, ಮರೆಯಾಗಿದ್ದಾರೆ, ಅವರೇ ಮಹ್ದಿ, ಅವರ ನಂತರ ಇನ್ನೊಬ್ಬ ಇಮಾಮ್ ಇಲ್ಲ ಎಂದು ಸಾರಿದರು. ಈ ಗುಂಪಿಗೆ ವಾಕಿಫಾ ಎಂದು ಹೆಸರಾಯಿತು, ಅಂದರೆ ಅಲ್ಲಿಗೇ ನಿಂತವರು. ಅವರಲ್ಲಿ ದುಡ್ಡಿನ ಆಸೆ ಇಲ್ಲದೆ ನಿಜವಾಗಿ ನಂಬಿದವರೂ ಇದ್ದಿರಬೇಕು. ಆದರೆ ಶುರುವಾದದ್ದು ಬಾಕಿ ಹಣದಿಂದ ಎಂದು ನಮ್ಮ ಗ್ರಂಥಗಳು ಹೇಳುತ್ತವೆ.

ಹಾಗಾದರೆ ಆ ಗೈಬತ್ ಸುಳ್ಳು, ಈ ಗೈಬತ್ ನಿಜ ಎಂದು ಹೇಗೆ ಹೇಳುವುದು? ನಮ್ಮ ವಿದ್ವಾಂಸರು ಎರಡು ಗುರುತು ಕೊಡುತ್ತಾರೆ. ಒಂದು, ಮೂಸಾ ಕಾಝಿಮರ ಶವವನ್ನು ಬಗ್ದಾದಿನ ಜನರೇ ನೋಡಿದ್ದರು. ಎರಡು, ಅವರು ತಮ್ಮ ಮಗನ ಹೆಸರನ್ನು ಮೊದಲೇ ಹೇಳಿದ್ದರು, ಅಂದರೆ ನಸ್ಸ್ ಇತ್ತು. ಹನ್ನೆರಡನೇ ಇಮಾಮರ ವಿಷಯದಲ್ಲಿ ಸಾವಿಗೆ ಸಾಕ್ಷಿ ಇಲ್ಲ, ಅವರ ನಂತರದವರಿಗೆ ನೇಮಕವೂ ಇಲ್ಲ. ಇದನ್ನು ಒಪ್ಪದವರು, ಹುಟ್ಟಿಗೇ ಸಾರ್ವಜನಿಕ ಸಾಕ್ಷಿ ಇಲ್ಲವಲ್ಲ ಎನ್ನುತ್ತಾರೆ. ಸುನ್ನಿಗಳಲ್ಲಿ ಹೆಚ್ಚಿನವರು ಮಹ್ದಿ ಬರುವುದನ್ನು ನಂಬುತ್ತಾರೆ, ಆದರೆ ಅವರು ಮುಂದೆ ಹುಟ್ಟಲಿರುವವರು ಎನ್ನುತ್ತಾರೆ. ಈ ಜಾಗದಲ್ಲಿ ಪುಸ್ತಕದ ಲೆಕ್ಕ ನಿಂತು ನಂಬಿಕೆ ಶುರುವಾಗುತ್ತದೆ. ಅದನ್ನು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ಕೊನೆಯ ಪತ್ರ

941ರಲ್ಲಿ ನಾಲ್ಕನೇ ಪ್ರತಿನಿಧಿ ಸಮುರಿಯವರಿಗೆ ಒಂದು ಪತ್ರ ಬಂತು ಎಂದು ನಮ್ಮ ಗ್ರಂಥಗಳಲ್ಲಿದೆ. ಅದರ ಸಾರಾಂಶ ಹೀಗೆ: ಇನ್ನು ಆರು ದಿನದಲ್ಲಿ ನಿಮಗೆ ಮರಣ ಬರುತ್ತದೆ. ನಿಮ್ಮ ಜಾಗಕ್ಕೆ ಯಾರನ್ನೂ ನೇಮಿಸಬೇಡಿ. ಎರಡನೇ ಗೈಬತ್ ಶುರುವಾಗಿದೆ. ಕೊನೆಯ ಕಾಲದ ಗುರುತುಗಳು ಕಾಣುವ ಮೊದಲು, ತಾನು ಇಮಾಮರನ್ನು ಕಂಡಿದ್ದೇನೆ ಎಂದು ಹೇಳಿಕೊಂಡು ಬರುವವನು ಸುಳ್ಳುಗಾರ.

ಈ ಪತ್ರ ಏಜೆನ್ಸಿಯನ್ನು ಮುಚ್ಚಿಬಿಟ್ಟಿತು. ಆವತ್ತಿನಿಂದ ಇಂದಿನವರೆಗೆ ಇಮಾಮರ ಹೆಸರಿನಲ್ಲಿ ನೇರವಾಗಿ ಹಣ ಕೇಳುವ ಅಧಿಕಾರ ಯಾರಿಗೂ ಇಲ್ಲ. ಆದರೆ ಹಣ ಕೊಡುವ ಕರ್ತವ್ಯ ಉಳಿಯಿತೇ? ಸುಮಾರು ನೂರು ವರ್ಷದೊಳಗೆ ಈ ಪ್ರಶ್ನೆಗೆ ಎಷ್ಟು ಉತ್ತರಗಳು ಹುಟ್ಟಿದವು ಎಂಬುದನ್ನು 1022ರಲ್ಲಿ ತೀರಿಕೊಂಡ ಶೇಖ್ ಮುಫೀದ್ ಪಟ್ಟಿ ಮಾಡಿದ್ದಾರೆ. ಇಮಾಮರೇ ಇಲ್ಲದ ಮೇಲೆ ಕೊಡಬೇಕಾಗಿಲ್ಲ ಎಂದರು ಕೆಲವರು. ನೆಲದಲ್ಲಿ ಹೂತಿಡಿ, ಇಮಾಮರು ಬಂದಾಗ ಭೂಮಿಯೇ ನಿಧಿಯನ್ನು ಹೊರಹಾಕುತ್ತದೆ ಎಂದರು ಇನ್ನು ಕೆಲವರು. ಪ್ರವಾದಿ ವಂಶದವರಿಗೂ ಬಡ ಶಿಯಾಗಳಿಗೂ ಹಂಚಿಬಿಡಿ ಎಂದರು ಮತ್ತೆ ಕೆಲವರು. ಮುಫೀದರು ಇಮಾಮರ ಪಾಲಿನ ಬಗ್ಗೆ ಒಲಿದದ್ದು ಬೇರೊಂದು ದಾರಿಗೆ. ಅದನ್ನು ಬೇರೆ ಇಡಿ, ನಿಮಗೆ ಸಾವು ಹತ್ತಿರವಾದರೆ ನಂಬಿಕಸ್ಥರೊಬ್ಬರಿಗೆ ಮರಣಶಾಸನದ ಮೂಲಕ ಒಪ್ಪಿಸಿ, ಅವರು ಮುಂದಿನವರಿಗೆ ಒಪ್ಪಿಸಲಿ, ಹೀಗೆ ಇಮಾಮರು ಬರುವ ತನಕ.

ಸ್ವಲ್ಪ ಯೋಚಿಸಿ. ನಮ್ಮ ಆರು ಸಾವಿರ ಹೀಗೆ ಕೈಯಿಂದ ಕೈಗೆ ಹೋಗುತ್ತಿದ್ದರೆ ನಾಲ್ಕು ತಲೆಮಾರಿನಲ್ಲಿ ಏನಾಗುತ್ತಿತ್ತು? ಯಾರೋ ಒಬ್ಬರು ಕಳೆಯುತ್ತಿದ್ದರು, ಯಾರೋ ತಿನ್ನುತ್ತಿದ್ದರು. ಹೂತಿಟ್ಟ ನಿಧಿಯ ಪಕ್ಕದಲ್ಲೇ ಬಡವರು ಹಸಿದಿರುತ್ತಿದ್ದರು. ಅದಕ್ಕೇ ವಿದ್ವಾಂಸರ ಅಭಿಪ್ರಾಯ ನಿಧಾನವಾಗಿ ಬದಲಾಯಿತು. ಹದಿಮೂರನೇ ಶತಮಾನದ ಮುಹಕ್ಕಿಕ್ ಹಿಲ್ಲಿ, ಇಮಾಮರ ಪಾಲನ್ನು ಅವರ ಪರವಾಗಿ ಅರ್ಹ ಧರ್ಮಶಾಸ್ತ್ರಜ್ಞರು ಅಗತ್ಯವಿರುವವರಿಗೆ ಹಂಚಬೇಕು ಎಂದು ಬರೆದರು. ಇಮಾಮರು ಎದುರಿಗಿದ್ದಿದ್ದರೆ ಆ ಹಣವನ್ನು ಯಾವುದಕ್ಕೆ ಖರ್ಚು ಮಾಡಲು ಒಪ್ಪುತ್ತಿದ್ದರೋ ಅದಕ್ಕೇ ಖರ್ಚು ಮಾಡಿ ಎಂಬುದು ಇಂದಿನ ವಿದ್ವಾಂಸರ ಮಾತು.

ಇಂದಿನ ಪದ್ಧತಿ ಇದರ ಮೇಲೆ ನಿಂತಿದೆ. ಪ್ರತಿಯೊಬ್ಬ ಶಿಯಾ ಒಬ್ಬ ಹಿರಿಯ ಧರ್ಮಶಾಸ್ತ್ರಜ್ಞರನ್ನು ಅನುಸರಿಸುತ್ತಾರೆ. ಅವರಿಗೆ ಮರ್ಜಾ ಎನ್ನುತ್ತಾರೆ. ನಮ್ಮ ಮನೆಯವರು ಇರಾಕಿನ ನಜಫ್ ನಗರದ ಆಯತುಲ್ಲಾ ಸೀಸ್ತಾನಿ ಅವರನ್ನು ಅನುಸರಿಸುತ್ತಾರೆ. ಆರು ಸಾವಿರ ಅವರ ಸ್ಥಳೀಯ ವಕೀಲರಿಗೆ ಹೋಗುತ್ತದೆ, ನಮಗೆ ರಸೀದಿ ಬರುತ್ತದೆ. ಧಾರ್ಮಿಕ ವಿದ್ಯಾರ್ಥಿಗಳ ಖರ್ಚು, ಬಡವರ ನೆರವಿನಂಥ ಕೆಲಸಗಳಿಗೆ ಅದು ಬಳಕೆಯಾಗುತ್ತದೆ. ಇಲ್ಲಿ ನೆನಪಿಡಬೇಕಾದ ಮಾತು: ಮರ್ಜಾ ಮಾಸೂಮ್ ಅಲ್ಲ. ಅವರಿಗೆ ಹೆಸರು ಹಿಡಿದ ನಸ್ಸ್ ಇಲ್ಲ. ಓದಿನಿಂದ, ನಡತೆಯಿಂದ ಜನರ ವಿಶ್ವಾಸ ಗಳಿಸಿದವರು ಅವರು. ತಪ್ಪಬಹುದು. ಇಮಾಮರ ಅಧಿಕಾರದಲ್ಲಿ ಎಷ್ಟು ಭಾಗ ಅವರಿಗೆ ಬರುತ್ತದೆ ಎಂಬ ಬಗ್ಗೆ ಅವರಲ್ಲೇ ಒಮ್ಮತವಿಲ್ಲ. ಸರ್ಕಾರ ನಡೆಸುವ ಅಧಿಕಾರವೂ ಬರುತ್ತದೆ ಎಂದು ಇರಾನಿನ ಆಯತುಲ್ಲಾ ಖೊಮೇನಿ ವಾದಿಸಿದರು. ನಜಫಿನ ಆಯತುಲ್ಲಾ ಖೂಯಿ ಅದನ್ನು ಒಪ್ಪಲಿಲ್ಲ.

ಒಂದು ಮೆಸೇಜು

ಕಳೆದ ವರ್ಷ ನಮ್ಮ ನಾನಿಯ ಫೋನಿಗೆ ಒಂದು ವಾಟ್ಸಾಪ್ ಮೆಸೇಜು ಬಂತು. ಒಬ್ಬರಿಗೆ ಇಮಾಮರ ದರ್ಶನವಾಗಿದೆ, ಇಂಥ ನಂಬರಿಗೆ ಇಷ್ಟು ಹಣ ಹಾಕಿದವರ ಹೆಸರು ಇಮಾಮರಿಗೆ ತಲುಪುತ್ತದೆ ಎಂದಿತ್ತು. ನಾನಿಗೆ ಓದಲು ಕಷ್ಟ, ನಾನೇ ಓದಿ ಹೇಳಿದೆ. ಅವರ ಕಣ್ಣು ತುಂಬಿತು. ಪ್ರತಿ ಶುಕ್ರವಾರ ಇಮಾಮರು ಬರಲಿ ಎಂದು ದುಆ ಮಾಡುವವರು ಅವರು. ಎಂಬತ್ತರ ಹತ್ತಿರ ಬಂದಿದ್ದಾರೆ. ಸೊಂಟದ ಚೀಲದಿಂದ ಐನೂರರ ನೋಟು ತೆಗೆದು, "ಹಾಕಿಬಿಡು ಬೇಟಿ," ಎಂದರು.

ಅಬ್ಬಾ ಜೋರು ಮಾಡಲಿಲ್ಲ. ಪಕ್ಕದಲ್ಲಿ ಕೂತು, "ಅಮ್ಮಾ, ಸಮುರಿಗೆ ಬಂದ ಪತ್ರದಲ್ಲಿ ಏನಿತ್ತು, ನೀವೇ ನನಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದಿರಲ್ಲ?" ಎಂದು ಕೇಳಿದರು. ನಾನಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಕಂಡೆ ಅನ್ನುವವನು ಸುಳ್ಳುಗಾರ," ಎಂದು ತಾವೇ ಹೇಳಿ ನೋಟನ್ನು ಮಡಚಿ ಒಳಗಿಟ್ಟರು.

ನನಗೆ ಇಮಾಮತ್ ಅರ್ಥವಾದದ್ದು ಬಹುಶಃ ಅವತ್ತು. ಕಾಯುವವರನ್ನು ಮೋಸ ಮಾಡುವುದು ಸುಲಭ. ಅದಕ್ಕೇ ಕಾಯುವುದಕ್ಕೂ ನಿಯಮಗಳಿವೆ. ಹೆಸರು ಮೊದಲೇ ಹೇಳಿರಬೇಕು, ಆ ಹೆಸರಿನವರು ತಪ್ಪದವರಾಗಿರಬೇಕು, ಅವರು ತಾವಾಗಿ ಬರುವ ತನಕ ಅವರ ಜಾಗದಲ್ಲಿ ಯಾರೂ ಕೂರಬಾರದು.

ನನ್ನ ಗೆಳತಿ ಇದನ್ನೆಲ್ಲ ಕೇಳಿ ಒಪ್ಪಲಿಲ್ಲ. ಅವಳು ಒಪ್ಪಬೇಕೆಂದು ನಾನು ಹೇಳಿದ್ದೂ ಅಲ್ಲ. "ಆದರೂ ಖಾತೆಯಲ್ಲಿ ಹೇಗೆ ಬರೆಯುತ್ತೀಯಾ?" ಎಂದು ಕೇಳಿದಳು. ನಾನು ಬರೆಯುವುದು ಹೀಗೆ: ಎಡಗಡೆ ಹೊಣೆಗಳ ಕಾಲಂನಲ್ಲಿ, ಅಂಗಡಿಗೆ ಸರಕು ಕೊಟ್ಟವರ ಬಾಕಿಯ ಕೆಳಗೆ, "ಸಹ್ಮೆ ಇಮಾಮ್, 6,000." ರಸೀದಿ ಬಂದ ದಿನ ಅದರ ಎದುರು ತಾರೀಕು ಹಾಕುತ್ತೇನೆ.